ಹೊಳೆಯುವ ಚರಗಿ ಮತ್ತು ಕಪ್ಪು ಚರಗಿ

ವಿಜಯಪುರದಲ್ಲಿ ಪಿಯುಸಿ ಹುಡುಗರಿಗೆ ವಿಕಿರಣದ ಪಾಠ ಮಾಡುವಾಗ ನಾನು ಪ್ರತಿ ವರ್ಷ ಒಂದೇ ಲೆಕ್ಕ ಹಾಕಿಸುತ್ತೇನೆ. ಸೂರ್ಯನ ಎದುರು ಬಾಹ್ಯಾಕಾಶದಲ್ಲಿ ತೇಲುವ ಒಂದು ಗೋಲ ಉಪಗ್ರಹ, ಒಳಗೆ ಏನೂ ಯಂತ್ರವಿಲ್ಲ. ಅದರ ಬಿಸಿ ಎಷ್ಟಕ್ಕೆ ನಿಲ್ಲುತ್ತದೆ? ಹೀರಿದ ಬಿಸಿಲು ಮತ್ತು ಹೊರಬಿಟ್ಟ ಶಾಖ ಸಮ ಆದಾಗ ನಿಲ್ಲುತ್ತದೆ, ಅಷ್ಟೆ.

```
α · S · πR² = ε · σ · 4πR² · T⁴
T = [ (α/ε) · S/(4σ) ]^(1/4)
```

ಇಲ್ಲಿ α ಎಂದರೆ ಬಿಸಿಲು ಹೀರುವ ಪ್ರಮಾಣ, ε ಎಂದರೆ ಶಾಖ ಸೂಸುವ ಪ್ರಮಾಣ. S ಬಿಸಿಲಿನ ತೀವ್ರತೆ, R ಗೋಲದ ತ್ರಿಜ್ಯ, T ಕೆಲ್ವಿನ್‌ನಲ್ಲಿ ಅದರ ಬಿಸಿ, σ ಸ್ಟೀಫನ್-ಬೋಲ್ಟ್ಸ್‌ಮನ್ ಸ್ಥಿರಾಂಕ. ಮೊದಲ ತಪ್ಪು ಯಾವಾಗಲೂ ಎಡಗಡೆ ಆಗುತ್ತದೆ. ಅರ್ಧ ಗೋಲಕ್ಕೆ ಬಿಸಿಲು ಬೀಳುತ್ತದೆಂದು ಹುಡುಗರು 2πR² ಬರೆಯುತ್ತಾರೆ. ಗೋಲದ ಅಂಚಿಗೆ ಬಿಸಿಲು ಓರೆಯಾಗಿ ಸವರಿಕೊಂಡು ಹೋಗುತ್ತದೆ. ಆದ್ದರಿಂದ ಗೋಲದ ನೆರಳು ಎಷ್ಟು ಅಗಲವೋ ಅಷ್ಟೇ ಬಿಸಿಲು ಅದಕ್ಕೆ ಸಿಗುತ್ತದೆ. ನೆರಳು ಒಂದು ದುಂಡು ತಟ್ಟೆ, ಅದರ ವಿಸ್ತೀರ್ಣ πR². ತಪ್ಪು ಮಾಡಿದವರಿಗೆ 58 ಡಿಗ್ರಿ ಬರುತ್ತದೆ, ಸರಿ ಮಾಡಿದವರಿಗೆ 5. ಕಪ್ಪು ಗೋಲಕ್ಕೆ α ಮತ್ತು ε ಹೆಚ್ಚುಕಡಿಮೆ ಒಂದೇ, S 1361 ವ್ಯಾಟ್ ಪ್ರತಿ ಚದರ ಮೀಟರ್, ಉತ್ತರ 278 ಕೆಲ್ವಿನ್, ಅಂದರೆ ಆ 5 ಡಿಗ್ರಿ. R ಎರಡೂ ಕಡೆ ಹಾರಿಹೋಗುತ್ತದೆ. ನಿಂಬೆಹಣ್ಣಿಗೂ ಗೋಳಗುಮ್ಮಟದಷ್ಟು ದೊಡ್ಡ ಚೆಂಡಿಗೂ ಉತ್ತರ ಒಂದೇ.

ಒಂದು ವರ್ಷ ಇದರ ನಂತರ ಜಗಳ ಶುರುವಾಯಿತು. ಉಜ್ಜಿ ಹೊಳಪು ಕೊಟ್ಟ ಅಲ್ಯೂಮಿನಿಯಂ ಗೋಲಕ್ಕೆ α 0.15, ε 0.05 ಎಂದು ಕೊಟ್ಟೆ. ಅನುಪಾತ 3. ಉತ್ತರ 366 ಕೆಲ್ವಿನ್, ಅಂದರೆ 93 ಡಿಗ್ರಿ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು: ‘ಸರ್, ಕರೀದು ಐದು ಡಿಗ್ರಿ, ಮಿಂಚೂದು ತೊಂಬತ್ಮೂರಾ? ಬಿಸಿಲಾಗ ಕರೀದs ಅಲ್ರಿ ಕಾಯೂದು?’

ಬಾಯಿಮಾತಿಗಿಂತ ಮುಟ್ಟಿಸಿಯೇ ತೋರಿಸೋಣವೆಂದು ಎರಡು ಸ್ಟೀಲ್ ಚರಗಿ ತರಿಸಿದೆ. ಒಂದಕ್ಕೆ ಕಂದೀಲಿನ ಮಸಿ ಹಿಡಿಸಿ, ಎರಡನ್ನೂ ಏಪ್ರಿಲ್ ಬಿಸಿಲಲ್ಲಿ ಮಾಳಿಗೆ ಮೇಲೆ ದಾರಕ್ಕೆ ತೂಗುಹಾಕಿದೆವು. ಒಂದು ತಾಸಿನ ನಂತರ ಮುಟ್ಟಿದರೆ ಕಪ್ಪು ಚರಗಿಯೇ ಹೆಚ್ಚು ಕಾದಿತ್ತು. ಹುಡುಗರು ನಕ್ಕರು. ನನಗೂ ಮುಜುಗರವಾಯಿತು, ಮಾಡಿ ತೋರಿಸುವ ಮೊದಲು ಯೋಚಿಸಬೇಕಿತ್ತು.

ಆಟ ಕೆಡಿಸಿದ್ದು ಗಾಳಿ. ಮಾಳಿಗೆಯ ಮೇಲೆ ಹೊಳೆಯುವ ಚರಗಿಯ ಶಾಖವನ್ನು ಹೆಚ್ಚಾಗಿ ಗಾಳಿಯೇ ಒಯ್ಯುತ್ತದೆ, ಅದಕ್ಕೆ ε ಎಷ್ಟಿದ್ದರೇನು. ಆಗ ಹೀರಿದ್ದು ಎಷ್ಟು ಅನ್ನುವುದೊಂದೇ ಲೆಕ್ಕ, ಕಪ್ಪು ಗೆಲ್ಲುತ್ತದೆ. ಗಾಳಿಯಿಲ್ಲದ ಕಡೆ ಶಾಖ ಹೊರಗೆ ಹೋಗಲು ಇರುವ ದಾರಿ ವಿಕಿರಣ ಒಂದೇ. ಹೊಳಪು ಗೋಲ ಬಿಸಿಲನ್ನು ಕಡಿಮೆ ಹೀರುತ್ತದೆ ನಿಜ, ಆದರೆ ಸೂಸುವುದರಲ್ಲಿ ಅದಕ್ಕಿಂತ ಜಿಪುಣ.

ಈ ಜಿಪುಣತನವನ್ನು ಕಣ್ಣಿಗೆ ಕಾಣಿಸಲು ಬೇರೆ ಉಪಾಯ ಮಾಡಿದೆ. ಮಸಿ ಹಚ್ಚದ ಚರಗಿಗೆ 80 ಡಿಗ್ರಿಯ ನೀರು ಹಾಕಿ, ಒಂದು ಬದಿಗೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಹಣೆಗೆ ಹಿಡಿಯುವಂಥದ್ದಲ್ಲದ, ಕಾರ್ಖಾನೆಯವರು ಬಳಸುವ ಇನ್ಫ್ರಾರೆಡ್ ಥರ್ಮಾಮೀಟರ್ ಹಿಡಿದೆ. ಟೇಪಿನ ಮೇಲೆ 75ರ ಸುತ್ತ ತೋರಿಸಿತು. ಬರೀ ಸ್ಟೀಲಿನ ಮೇಲೆ 40 ಚಿಲ್ಲರೆ! ಎರಡೂ ಕಡೆ ಮುಟ್ಟಿದರೆ ಕೈ ಸುಡುವುದು ಒಂದೇ ಥರ. ಸ್ಟೀಲ್ ತನ್ನ ಶಾಖವನ್ನು ಹೆಚ್ಚು ಹೊರಬಿಡದೆ, ಕೋಣೆಯ ಶಾಖವನ್ನೇ ಕನ್ನಡಿಯಂತೆ ತಿರುಗಿಸಿ ಕಳಿಸುತ್ತಿತ್ತು.

‘ಹೀರೂದೂ ಸೂಸೂದೂ ಸಮ ಅಂತ ನೀವs ಹೇಳಿದ್ರೆಲ್ರಿ?’ ಎಂದು ಅದೇ ಹುಡುಗಿ ಮತ್ತೆ ಹಿಡಿದಳು. α ಮತ್ತು ε ಸಮ ಹೌದು, ಆದರೆ ಒಂದೇ ತರಂಗಾಂತರಕ್ಕೆ. ಬಿಸಿಲಿನ ಜೋರು ಅರ್ಧ ಮೈಕ್ರಾನಿನ ಹತ್ತಿರ. 5 ಡಿಗ್ರಿಯ ಗೋಲ ಸೂಸುವುದು ಸುಮಾರು 10 ಮೈಕ್ರಾನಿನಲ್ಲಿ. ಎರಡು ಬೇರೆ ತರಂಗಾಂತರಗಳಲ್ಲಿ ವಸ್ತು ಬೇರೆಬೇರೆ ಥರ ನಡೆದುಕೊಳ್ಳಬಹುದು. ಬಿಳಿ ಬಣ್ಣ ಬಳಿದ ಗೋಲದಲ್ಲಿ α 0.2, ε 0.9. ಬಿಸಿಲಿಗೆ ಅದು ಬಿಳಿ, ಇನ್ಫ್ರಾರೆಡ್‌ಗೆ ಹೆಚ್ಚುಕಡಿಮೆ ಕಪ್ಪು. ಉತ್ತರ 191 ಕೆಲ್ವಿನ್, ಸೊನ್ನೆಗಿಂತ 82 ಡಿಗ್ರಿ ಕೆಳಗೆ.

ಹೊಳಪಿನ ಗೋಲದ 93 ಅನ್ನೂ ಪೂರ್ತಿ ನಂಬಬೇಡಿ. ಸಣ್ಣ ಸಂಖ್ಯೆಯಿಂದ ಭಾಗಿಸಿದ ಉತ್ತರ ಅದು. ಕೈಯ ಜಿಡ್ಡು ತಾಗಿ ε 0.05ರಿಂದ 0.06 ಆದರೂ ಸಾಕು, 77ಕ್ಕೆ ಇಳಿಯುತ್ತದೆ. ನಾಲ್ಕನೇ ಮೂಲ ತಪ್ಪುಗಳನ್ನು ಕುಗ್ಗಿಸುತ್ತದೆ, ಆದರೂ ಇಷ್ಟು ಉಳಿಯಿತು.

ಕೊನೆಯ ಪಾಠದಲ್ಲಿ ಭೂಮಿಯನ್ನೂ ಸೇರಿಸಿದೆವು. 500 ಕಿ.ಮೀ. ಎತ್ತರದಲ್ಲಿ ಭೂಮಿ ಗೋಲದ ಸುತ್ತಣ ನೋಟದ ಶೇ. 31ರಷ್ಟನ್ನು ತುಂಬಿಕೊಂಡು, ಚದರ ಮೀಟರಿಗೆ ಸುಮಾರು 240 ವ್ಯಾಟ್ ಇನ್ಫ್ರಾರೆಡ್ ಸೂಸುತ್ತಿರುತ್ತದೆ. ಗೋಲದ ಮೈಗೆ ಸರಾಸರಿ 75 ವ್ಯಾಟ್ ಬಂತು. ಭೂಮಿಯಿಂದ ಪ್ರತಿಫಲಿಸಿದ ಬಿಸಿಲು, ಗೋಲ ಭೂಮಿಯ ನೆರಳಿನಲ್ಲಿರುವ ಹೊತ್ತು ಎರಡನ್ನೂ ಬಿಟ್ಟೆವು. ಭೂಮಿಯ ಶಾಖ ಇನ್ಫ್ರಾರೆಡ್ ಆದ್ದರಿಂದ ಅದನ್ನು ಹೀರುವ ಪ್ರಮಾಣ ε, α ಅಲ್ಲ. ಹೊಳಪಿನ ಗೋಲ 93ರಿಂದ 100ಕ್ಕೆ ಏರಿತು, ಅಷ್ಟೇ. ಬಿಳಿಯದು ಮಾತ್ರ ಮೈನಸ್ 82ರಿಂದ ಮೈನಸ್ 46ಕ್ಕೆ ಬಂತು. ಚೆನ್ನಾಗಿ ಸೂಸುವುದು ಚೆನ್ನಾಗಿ ಹೀರಿಯೂ ಬಿಟ್ಟಿತ್ತು. ಈ ಸಲ ಹುಡುಗಿ ಏನೂ ಕೇಳಲಿಲ್ಲ, ಉತ್ತರವನ್ನು ತಾನೇ ಇನ್ನೊಮ್ಮೆ ಲೆಕ್ಕ ಹಾಕಿ ನೋಡುತ್ತಿದ್ದಳು.