ನಿಧಾನವಾಗಿ ಮಾರುವ ಬಗೆಯನ್ನು ಕೈಬಿಡುವ ಮುನ್ನ ಮಾಡಬೇಕಾದ ಲೆಕ್ಕ

ಒಂದೇ ಸರಕನ್ನು ಹಲವು ಪರಿಮಳ, ಬಣ್ಣ, ಅಳತೆಗಳಲ್ಲಿ ಮಾರುವವರ ಪಟ್ಟಿ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತದೆ. ಸೇರಿಸೋಕೆ ಎಲ್ಲರೂ ಮುಂದೆ, ತೆಗೆಯೋಕೆ ಯಾರೂ ಇಲ್ಲ. ಗೋದಾಮು ತುಂಬಿದ ಮೇಲೆ ಯಾರೋ ಮಾರಾಟದ ಪಟ್ಟಿ ತೆಗೆದು ಕೆಳಗಿನ ಹತ್ತು ಬಗೆಗಳಿಗೆ ಗೆರೆ ಎಳೆಯುತ್ತಾರೆ. ಹಾಗೆ ಮಾಡಬೇಡಿ. ಕಡಿಮೆ ಮಾರುವ ಬಗೆಯೂ ಲಾಭ ತರುತ್ತಿರಬಹುದು. ಅದನ್ನು ತಿಳಿಯಲು ಒಂದೊಂದನ್ನೇ ಕೂರಿಸಿ ಲೆಕ್ಕ ಹಾಕಬೇಕು.

ದ್ರವ ಸೋಪು ತಯಾರಿಸುವ ಒಂದು ಸಣ್ಣ ಘಟಕ ಅಂದುಕೊಳ್ಳಿ. ಅದರ ಲ್ಯಾವೆಂಡರ್ ಪರಿಮಳದ ಬಾಟಲಿ ವರ್ಷಕ್ಕೆ 1,200 ಹೋಗುತ್ತದೆ. ಸಾಮಗ್ರಿ, ಸಾಗಣೆಯಂಥ ನೇರ ಖರ್ಚು ಕಳೆದು ಒಂದು ಬಾಟಲಿಗೆ 20 ಉಳಿಯುತ್ತದೆ, ಬೇರೆ ಪರಿಮಳಗಳಲ್ಲೂ ಅಷ್ಟೇ ಅಂದುಕೊಳ್ಳಿ. ನಾಣ್ಯ ಯಾವುದಾದರೂ ಇರಲಿ, ಅಂಕಿ ಮಾತ್ರ ನೋಡಿ.

ಮೊದಲು, ನಿಜವಾಗಿ ನಿಲ್ಲುವ ಖರ್ಚು ಬರೆಯಿರಿ. ಜಾಸ್ತಿ ಜನ ಎಡವುವುದು ಇಲ್ಲೇ. ಗೋದಾಮಿನ ಬಾಡಿಗೆ, ಮ್ಯಾನೇಜರ್ ಸಂಬಳವನ್ನು ಎಲ್ಲ ಬಗೆಗಳಿಗೂ ಹಂಚಿ, ಲ್ಯಾವೆಂಡರ್ ಪಾಲಿನದು ಉಳಿಯಿತು ಅನ್ನುತ್ತಾರೆ. ಲ್ಯಾವೆಂಡರ್ ಹೋದರೂ ಬಾಡಿಗೆ ಅಷ್ಟೇ ಕಟ್ಟಬೇಕಲ್ವಾ? ಅದನ್ನು ಬಿಡಿ. ನಮ್ಮ ಉದಾಹರಣೆಯಲ್ಲಿ ನಿಲ್ಲುವುದು ಮೂರು. ಸದಾ ಇಟ್ಟುಕೊಳ್ಳುವ ಸುಮಾರು 300 ಬಾಟಲಿ ಸ್ಟಾಕಿನ ಬೆಲೆ 15,000. ಅದರ ಬಡ್ಡಿ, ವಿಮೆ ಇತ್ಯಾದಿಗೆ ವರ್ಷಕ್ಕೆ ಶೇ 20 ಹಿಡಿದರೆ 3,000. ವರ್ಷಕ್ಕೆ ನಾಲ್ಕು ಬ್ಯಾಚ್. ಪ್ರತಿ ಸಲ ಯಂತ್ರ ತೊಳೆದು, ಮೊದಲು ಬರುವ ಮಾಲು ಚೆಲ್ಲಿ, ಲೇಬಲ್ ಬದಲಿಸಲು 1,500, ಅಂದರೆ 6,000. ಅವಧಿ ಮುಗಿದ ಬಾಟಲಿ, ಹಳೆಯ ಲೇಬಲ್ ಎಸೆಯುವುದರಲ್ಲಿ 2,000. ಒಟ್ಟು 11,000. ತೊಳೆಯುವ ಕೂಲಿ ಸೇರಿಸುವಾಗ ಹುಷಾರು: ಉಳಿದ ಹೊತ್ತಿನಲ್ಲಿ ಬೇರೆ ಮಾಲು ತಯಾರಾದರೆ ಅಥವಾ ಓವರ್‌ಟೈಮ್ ತಪ್ಪಿದರೆ ಮಾತ್ರ ಅದು ಉಳಿತಾಯ.

ಆಮೇಲೆ, ಕಳೆದುಕೊಳ್ಳುವುದೆಷ್ಟು ನೋಡಿ. 1,200 ಬಾಟಲಿಯೂ ಕೈತಪ್ಪುವುದಿಲ್ಲ. ಲ್ಯಾವೆಂಡರ್ ಸಿಗದವರಲ್ಲಿ ಕೆಲವರು ನಿಮ್ಮದೇ ಗುಲಾಬಿಯನ್ನೋ ನಿಂಬೆಯನ್ನೋ ಒಯ್ಯುತ್ತಾರೆ, ಉಳಿದವರು ಬೇರೆಯವರ ಮಾಲಿಗೆ ಹೋಗುತ್ತಾರೆ. ಎಷ್ಟು ಜನ ಉಳಿಯುತ್ತಾರೆ ಎಂದು ಊಹಿಸುವ ಬದಲು ಲೆಕ್ಕವನ್ನು ತಿರುಗಿಸಿ. ಉಳಿತಾಯ 11,000, ಬಾಟಲಿಗೆ 20. ಅಂದರೆ 550 ಬಾಟಲಿಯವರೆಗೆ ಕೈತಪ್ಪಿದರೂ ನಷ್ಟವಿಲ್ಲ. ಹಾಗಾಗಿ 1,200ರಲ್ಲಿ 650, ಅಂದರೆ ಶೇ 54ರಷ್ಟು ಮಾರಾಟ ನಿಮ್ಮದೇ ಬೇರೆ ಪರಿಮಳಗಳಿಗೆ ಸರಿಯಬೇಕು. ಈಗ ಪ್ರಶ್ನೆ ಸಣ್ಣದಾಯಿತು: ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನ ಉಳಿಯುತ್ತಾರಾ?

ಉತ್ತರ ನಿಮ್ಮ ಹಳೆಯ ದಾಖಲೆಯಲ್ಲೇ ಇರಬಹುದು. ಲ್ಯಾವೆಂಡರ್ ಸ್ಟಾಕ್ ಮುಗಿದಿದ್ದ ವಾರಗಳನ್ನು ಹುಡುಕಿ. ಅದು ವಾರಕ್ಕೆ ಸುಮಾರು 23 ಹೋಗುವ ಮಾಲು. ನಾಲ್ಕು ವಾರ ಇರಲಿಲ್ಲ ಎಂದರೆ 92 ಬಾಟಲಿ ಬೇಡಿಕೆ. ಅದೇ ಹೊತ್ತಿಗೆ ಬೇರೆ ಪರಿಮಳಗಳು ಮಾಮೂಲಿಗಿಂತ ಒಟ್ಟು 55 ಹೆಚ್ಚು ಹೋಗಿದ್ದರೆ, ಶೇ 60 ಸರಿಯಿತು ಎಂದರ್ಥ. ರಿಯಾಯಿತಿ ಇದ್ದ ವಾರಗಳನ್ನು ಬಿಡಿ. ಒಂದೇ ಸಲದ ಅಂಕಿಯನ್ನು ನಂಬಬೇಡಿ, ಮೂರ್ನಾಲ್ಕು ಸಲದ್ದನ್ನು ಕೂಡಿಸಿ ನೋಡಿ. ಇನ್ನೊಂದು ಮಾತು: ಕೆಲವೇ ದಿನ ಇಲ್ಲದಿದ್ದರೆ ಜನ ಕಾಯುತ್ತಾರೆ, ಮತ್ತೆ ಬಂದಾಗ ಒಟ್ಟಿಗೆ ಒಯ್ಯುತ್ತಾರೆ. ಶಾಶ್ವತವಾಗಿ ಇಲ್ಲದಿದ್ದರೆ ಹೇಗೆ ಎಂಬುದನ್ನು ಅದು ಹೇಳುವುದಿಲ್ಲ.

ಶೇ 60 ನಿಂತಿತು ಅನ್ನೋಣ. ಆಗ 480 ಬಾಟಲಿ, ಅಂದರೆ 9,600 ಹೋಗುತ್ತದೆ, 11,000 ಉಳಿಯುತ್ತದೆ. ತೆಗೆಯಬಹುದು, ಆದರೆ ಲಾಭ ಬರೀ 1,400. ಇಷ್ಟು ಸಣ್ಣ ಅಂತರದಲ್ಲಿ ದೊಡ್ಡ ಗಿರಾಕಿಯೊಬ್ಬರು ಲ್ಯಾವೆಂಡರ್ ಜೊತೆಗೇ ಉಳಿದ ಮಾಲನ್ನೂ ತರಿಸುತ್ತಿದ್ದರೆ ನಾನಂತೂ ತೆಗೆಯುವುದಿಲ್ಲ.

ಹತ್ತನ್ನು ಒಟ್ಟಿಗೆ ತೆಗೆಯಬೇಡಿ. ಲ್ಯಾವೆಂಡರ್ ಗಿರಾಕಿ ಮಲ್ಲಿಗೆಗೆ ಸರಿಯುತ್ತಾರೆ ಎಂದು ಲೆಕ್ಕ ಹಾಕಿ, ಅದೇ ವಾರ ಮಲ್ಲಿಗೆಯನ್ನೂ ತೆಗೆದರೆ ಎರಡು ಲೆಕ್ಕವೂ ಸುಳ್ಳಾಗುತ್ತದೆ. ಒಂದನ್ನು ತೆಗೆದ ಮೇಲೆ ಮುಂದಿನದರ ಲೆಕ್ಕ ಹೊಸದಾಗಿ ಹಾಕಿ. ಮಾರುಕಟ್ಟೆಗೆ ಬಂದು ವರ್ಷ ತುಂಬದ ಬಗೆ, ಒಂದೇ ಋತುವಿನಲ್ಲಿ ಹೋಗುವ ಬಗೆಗಳನ್ನು ಸದ್ಯ ಪಕ್ಕಕ್ಕಿಡಿ.

ತೆಗೆಯುವುದು ಖಚಿತವಾದರೆ ಮೊದಲು ಲೇಬಲ್ ಆರ್ಡರ್ ನಿಲ್ಲಿಸಿ. ಕೈಯಲ್ಲಿರುವ ಲೇಬಲ್ ಮುಗಿಯುವಷ್ಟು ಕೊನೆಯ ಬ್ಯಾಚ್ ಮಾಡಿ, ಅದು ಮಾರಾಟವಾಗುವಷ್ಟು ಇದ್ದರೆ ಮಾತ್ರ. ಅಂಗಡಿಯವರಿಗೆ ಬದಲಿ ಯಾವುದೆಂದು ಮುಂಚೆಯೇ ತಿಳಿಸಿ. ಹತ್ತಿರದ ಪರಿಮಳಗಳ ಸ್ಟಾಕ್ ಸ್ವಲ್ಪ ಏರಿಸಿ. ಬದಲಿಯೂ ಸಿಗದಿದ್ದರೆ ನೀವು ನಂಬಿದ ಶೇ 60 ಕೈಗೆ ಬರುವುದೇ ಇಲ್ಲ.

ನಂತರದ 13 ವಾರ ಎಲ್ಲ ಪರಿಮಳಗಳ ಒಟ್ಟು ಮಾರಾಟವನ್ನು ಹಿಂದಿನ ವರ್ಷದ ಅದೇ ವಾರಗಳ ಜೊತೆ ಹೋಲಿಸಿ. ವರ್ಷಕ್ಕೆ 550 ಎಂದರೆ ಈ ಅವಧಿಗೆ ಸುಮಾರು 137 ಬಾಟಲಿ. ಬೇರೆ ಕಾರಣವಿಲ್ಲದೆ ಇದಕ್ಕಿಂತ ಹೆಚ್ಚು ಇಳಿದಿದ್ದರೆ ಲ್ಯಾವೆಂಡರನ್ನು ವಾಪಸ್ ತರುವ ಯೋಚನೆ ಮಾಡಿ. ಅದಕ್ಕಾಗಿಯೇ ತಯಾರಿಕೆಯ ವಿವರ, ಲೇಬಲ್ ವಿನ್ಯಾಸವನ್ನು ಅಲ್ಲಿಯವರೆಗೆ ಎಸೆಯಬೇಡಿ.