ಇಂಟರ್ನ್‌ಗಳಿಗೆ ಒಂದು ನಿಮಿಷದ ಸ್ವಾಗತ ಮಾತು

ಪೀಣ್ಯದ ಒಂದು ಮಷಿನ್ ಬಿಡಿಭಾಗಗಳ ಫ್ಯಾಕ್ಟರಿ ಅಂದುಕೊಳ್ಳಿ. ಸೋಮವಾರ ಬೆಳಿಗ್ಗೆ ಎಂಟು ಜನ ಎಂಜಿನಿಯರಿಂಗ್ ಹುಡುಗ ಹುಡುಗಿಯರು ಇಂಟರ್ನ್‌ಶಿಪ್‌ಗೆ ಬಂದಿದ್ದಾರೆ. "ನಾಲ್ಕು ಮಾತಾಡಿಬಿಡಿ" ಎಂದು ಮ್ಯಾನೇಜರ್ ನಿಮ್ಮ ಕಡೆ ಕೈ ತೋರಿಸಿದ್ದಾರೆ.

ಮೊದಲು ಆ ಎಂಟು ಜನರ ತಲೆಯಲ್ಲಿ ಏನು ಓಡುತ್ತಿದೆ ಎಂದು ಒಂದು ಚೀಟಿಯಲ್ಲಿ ಬರೆಯಿರಿ. ಊಟ ಎಲ್ಲಿ? ಏನಾದರೂ ಗೊತ್ತಾಗದಿದ್ದರೆ ಯಾರನ್ನು ಕೇಳಬೇಕು? ಕಾಲೇಜಿಗೆ ಕೊಡಬೇಕಾದ ಡೈರಿಗೆ ಸಹಿ ಯಾರದು? ಕಂಪನಿ ಯಾವ ಇಸವಿಯಲ್ಲಿ ಶುರುವಾಯಿತು ಎಂಬುದು ಈ ಚೀಟಿಯಲ್ಲಿ ಬರುವುದೇ ಇಲ್ಲ, ಅಲ್ವಾ? ಆದರೂ ಸುಮಾರು ಸ್ವಾಗತ ಭಾಷಣಗಳು ಶುರುವಾಗುವುದು ಅಲ್ಲಿಂದಲೇ! ಅದನ್ನು ಬಿಟ್ಟು, ಚೀಟಿಯಲ್ಲಿರುವ ಪ್ರಶ್ನೆಗಳಿಗಷ್ಟೇ ಉತ್ತರ ಕೊಡಿ. ಹೀಗೆ:

"ಎಲ್ಲರಿಗೂ ನಮಸ್ಕಾರ. ಬನ್ನಿ, ಆರಾಮಾಗಿ ಕೂತ್ಕೊಳ್ಳಿ. ಇವತ್ತಿಂದ ನೀವೂ ನಮ್ಮವರೇ. ಮೊದಲ ವಾರ ನಿಮಗೆ ಯಾರೂ ಟಾರ್ಗೆಟ್ ಕೊಡಲ್ಲ. ನೋಡಿ, ಕೇಳಿ, ಬರ್ಕೊಳ್ಳಿ. ಒಂದು ಮಾತು ಮಾತ್ರ ನೆನಪಿರಲಿ: ಹೇಳಿಕೊಡದೇ ಇರೋ ಮಷಿನ್ ಮುಟ್ಟಬೇಡಿ. ವರ್ನಿಯರ್ ಓದೋಕೆ ಬರಲ್ಲ ಅಂತ ನಾಚ್ಕೋಬೇಡಿ, ಹೇಳ್ಕೊಡ್ತೀವಿ. ಇವರು ಕ್ವಾಲಿಟಿ ಸೆಕ್ಷನ್ ಮೇಡಂ. ಡೌಟ್ ಬಂದ್ರೆ ಮೊದಲು ಇವರ ಹತ್ರ ಹೋಗಿ. ಶನಿವಾರ ಡೈರಿಗೆ ಸಹಿ ಹಾಕೋದೂ ಇವರೇ. ಊಟ ಒಂದು ಗಂಟೆಗೆ, ಮಹಡಿ ಮೇಲೆ. ಇವತ್ತು ಎಲ್ಲ ಒಟ್ಟಿಗೆ ಊಟ ಮಾಡೋಣ. ಈಗ ಬನ್ನಿ, ಒಳಗೆ ಒಂದು ರೌಂಡ್ ಹಾಕೋಣ."

ನಿಧಾನಕ್ಕೆ ಹೇಳಿದರೂ ಇದು ಒಂದು ನಿಮಿಷದ ಆಸುಪಾಸಿನಲ್ಲೇ ಮುಗಿಯುತ್ತದೆ. ಅಷ್ಟು ಸಾಕು.

ಬರೆದ ಮೇಲೆ ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಓದಿ. ಮನಸ್ಸಿನಲ್ಲೇ ಓದಿಕೊಂಡರೆ ತಪ್ಪು ಕಾಣುವುದಿಲ್ಲ. "ನಮ್ಮ ಸಂಸ್ಥೆಯು ತಮ್ಮೆಲ್ಲರನ್ನೂ ಹೃತ್ಪೂರ್ವಕವಾಗಿ ಸ್ವಾಗತಿಸಲು ಹರ್ಷಿಸುತ್ತಾ" ಎನ್ನುವಾಗ ಉಸಿರು ಅರ್ಧಕ್ಕೇ ಸಾಲದೆ ಹೋಗುತ್ತದೆ. ಉಸಿರು ಕಟ್ಟಿದ ಕಡೆ ವಾಕ್ಯ ಕತ್ತರಿಸಿ. ನಾಲಿಗೆ ತೊಡರಿದ ಕಡೆ, ಟೀ ಕುಡಿಯುವಾಗ ನೀವು ಆಡುವ ಮಾತನ್ನೇ ಹಾಕಿ. "ಮಾಡಬೇಕಾಗಿರುತ್ತದೆ" ಹೋಗಿ "ಮಾಡ್ಬೇಕು" ಬಂದರೆ ಮರ್ಯಾದೆಯೇನೂ ಕಮ್ಮಿ ಆಗಲ್ಲ.

ಮೇಡಂ ಹೆಸರು ಹೇಳುವಾಗ ಅವರು ಅಲ್ಲೇ ಎದುರಿಗೆ ನಿಂತಿರಬೇಕು. ಹಿಂದಿನ ದಿನವೇ ಅವರಿಗೆ ತಿಳಿಸಿಡಿ. ರಜೆಯಲ್ಲಿರುವವರ ಹೆಸರು ಹೇಳಿದರೆ ಮಧ್ಯಾಹ್ನದೊಳಗೆ ಎಂಟೂ ಜನ ನಿಮ್ಮ ಟೇಬಲ್ ಮುಂದೆಯೇ ಬಂದು ನಿಂತಿರುತ್ತಾರೆ. ತಮಾಷೆ ಮಾಡುವುದಾದರೆ ನಿಮ್ಮ ಮೇಲೆ ಮಾಡಿಕೊಳ್ಳಿ. ಅವರ ಕಾಲೇಜು, ಊರು, ಮಾರ್ಕ್ಸ್ ಬಗ್ಗೆ ಬೇಡವೇ ಬೇಡ.

ಗುಂಪಿನಲ್ಲಿ ಕನ್ನಡ ಬಾರದವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಇಡೀ ಭಾಷಣವನ್ನು ಎರಡು ಸಲ ಮಾಡಬೇಡಿ. ಮಷಿನ್, ಮೇಡಂ, ಊಟ, ಈ ಮೂರರ ಮಾತನ್ನು ಮಾತ್ರ ಇಂಗ್ಲಿಷ್‌ನಲ್ಲೋ ಹಿಂದಿಯಲ್ಲೋ ಇನ್ನೊಮ್ಮೆ ಹೇಳಿ. ಮಷಿನ್ ಮಾತು ಅವರಿಗೆ ಅರ್ಥವಾಯಿತೇ ಎಂದು ಕೇಳಿಕೊಂಡ ಮೇಲೆಯೇ ಒಳಗೆ ಕರೆದುಕೊಂಡು ಹೋಗಿ.