ಚೇಳು ಕುಟುಕಿದ ನೋವು ಬೆನ್ನುಹುರಿ ಮುಟ್ಟುವುದು ಹೇಗೆ?

ವಿಜಯಪುರ, ಬಾಗಲಕೋಟೆ ಕಡೆಯ ಒಣಭೂಮಿಯಲ್ಲಿ ಕಲ್ಲಿನ ಗುಂಪಿ, ಕಣಕಿ ಬಣವಿ, ಕುಳ್ಳಿನ ರಾಶಿ ಇದ್ದಲ್ಲೆಲ್ಲ ಚೇಳು ಸೇರಿಕೊಂಡಿರುತ್ತದೆ. ಬರಿಗಾಲಲ್ಲಿ ಕಣಕಿ ಹಿರಿಯಲು ಹೋದವರ ಕಾಲ್ಬೆರಳಿಗೆ ಅದು ಕುಟುಕಿದರೆ ಮೊದಲು ಚುರ್ರೆನ್ನುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಉರಿ ಏರುತ್ತದೆ. ಈ ಸುದ್ದಿ ಬೆರಳಿನಿಂದ ಬೆನ್ನುಹುರಿಯವರೆಗೆ, ಅಂದರೆ ಸುಮಾರು 1 ಮೀಟರ್ ದೂರ, ನರತಂತುವಿನ ಮೂಲಕ ಬರುತ್ತದೆ. ಆದರೆ ಆ ಒಂದು ಮೀಟರನ್ನೂ ಕ್ರಮಿಸುವ ಕಣ ಯಾವುದೂ ಇಲ್ಲ. ಸೋಡಿಯಂ ಮತ್ತು ಪೊಟ್ಯಾಸಿಯಂ ಅಯಾನುಗಳು ತಾವಿದ್ದ ಜಾಗದಲ್ಲೇ ಕೋಶಪೊರೆಯನ್ನು ಅಡ್ಡಡ್ಡ ದಾಟುತ್ತವೆ. ಹಾಗೆ ದಾಟುವ ಸರದಿ ಮಾತ್ರ ಮುಂದೆ ಮುಂದೆ ಸಾಗುತ್ತದೆ.

ಹಂತ 1: ಸುಮ್ಮನಿರುವ ನರ

ನರಕೋಶದ ಹೊರಗಿನ ದ್ರವದಲ್ಲಿ ಲೀಟರಿಗೆ ಸುಮಾರು 145 ಮಿಲಿಮೋಲ್ ಸೋಡಿಯಂ ಇದ್ದರೆ, ಒಳಗೆ ಇರುವುದು 12ರ ಆಸುಪಾಸು. ಪೊಟ್ಯಾಸಿಯಂ ಇದಕ್ಕೆ ತದ್ವಿರುದ್ಧ: ಒಳಗೆ ಸುಮಾರು 140, ಹೊರಗೆ ಬರೀ 4. ಈ ಅಂತರವನ್ನು ಕಾಯುವುದು ಪೊರೆಯಲ್ಲಿರುವ ಸೋಡಿಯಂ–ಪೊಟ್ಯಾಸಿಯಂ ಪಂಪು. ಕೋಶದ ಇಂಧನವಾದ ಎಟಿಪಿಯ ಒಂದು ಅಣು ಖರ್ಚಾದಾಗ ಅದು 3 ಸೋಡಿಯಂ ಹೊರಹಾಕಿ 2 ಪೊಟ್ಯಾಸಿಯಂ ಒಳಕ್ಕೆ ತರುತ್ತದೆ.

ಸುಮ್ಮನಿರುವ ಪೊರೆ ಸೋಡಿಯಂಗೆ ಹೆಚ್ಚುಕಡಿಮೆ ಮುಚ್ಚಿರುತ್ತದೆ, ಆದರೆ ಪೊಟ್ಯಾಸಿಯಂಗೆ ಸ್ವಲ್ಪ ತೆರೆದಿರುತ್ತದೆ. ಧನ ಆವೇಶ ಹೊತ್ತ ಪೊಟ್ಯಾಸಿಯಂ ಸೋರಿ ಹೊರಹೋದಷ್ಟೂ ಒಳಭಾಗ ಋಣವಾಗುತ್ತದೆ. ಹೊರಗಿಗಿಂತ ಒಳಗೆ ಸುಮಾರು 70 ಮಿಲಿವೋಲ್ಟ್ ಕಡಿಮೆ ಇರುವಲ್ಲಿ ಇದು ನಿಲ್ಲುತ್ತದೆ. ಇದನ್ನೇ −70 ಎಂದು ಬರೆಯುತ್ತಾರೆ.

ಹಂತ 2: ಸೋಡಿಯಂ ನುಗ್ಗುತ್ತದೆ

ಕೊಂಡಿ ಚುಚ್ಚಿದಾಗ ಚರ್ಮದಲ್ಲಿರುವ ನರದ ತುದಿಯಲ್ಲಿ, ಅಯಾನುಗಳು ಪೊರೆ ದಾಟುವ ದಾರಿಗಳಾದ ಕೆಲವು ಚಾನೆಲ್‌ಗಳು ತೆರೆದು, ಒಳಗಿನ ವೋಲ್ಟೇಜು −70ರಿಂದ ಮೇಲೇರತೊಡಗುತ್ತದೆ. ಸುಮಾರು −55 ಮುಟ್ಟದಿದ್ದರೆ ಆ ಏರಿಕೆ ಅಲ್ಲೇ ಕರಗಿಹೋಗುತ್ತದೆ, ಬೆನ್ನುಹುರಿಗೆ ಏನೂ ತಿಳಿಯುವುದಿಲ್ಲ. ಮುಟ್ಟಿದರೆ ಮಾತ್ರ ವೋಲ್ಟೇಜಿಗೆ ಸ್ಪಂದಿಸುವ ಸೋಡಿಯಂ ಚಾನೆಲ್‌ಗಳು ತೆರೆಯುತ್ತವೆ. ಸೋಡಿಯಂ ಒಳಬಂದಷ್ಟೂ ವೋಲ್ಟೇಜು ಏರುತ್ತದೆ, ವೋಲ್ಟೇಜು ಏರಿದಷ್ಟೂ ಇನ್ನಷ್ಟು ಚಾನೆಲ್ ತೆರೆಯುತ್ತವೆ. ಒಂದು ಮಿಲಿಸೆಕೆಂಡಿನೊಳಗೆ ಒಳಭಾಗ +30ರ ಹತ್ತಿರ ಬಂದಿರುತ್ತದೆ.

ಇಷ್ಟು ದೊಡ್ಡ ಏರಿಕೆಗೆ ರಾಶಿಗಟ್ಟಲೆ ಸೋಡಿಯಂ ಬೇಕೆಂದು ತೋರಬಹುದು. ಲೆಕ್ಕ ಹಾಕಿದರೆ ಹಾಗಿಲ್ಲ. ಒಂದು ಚದರ ಮೈಕ್ರಾನ್ ಪೊರೆಯ ವೋಲ್ಟೇಜು 100 ಮಿಲಿವೋಲ್ಟ್ ಬದಲಾಗಲು ಸುಮಾರು 6,000 ಅಯಾನು ದಾಟಿದರೆ ಸಾಕು. ತಂತುವಿನೊಳಗೆ ಕೋಟಿಗಟ್ಟಲೆ ಅಯಾನುಗಳಿರುವುದರಿಂದ ಒಂದು ಆವೇಗ, ಅಂದರೆ ವೋಲ್ಟೇಜಿನ ಇಂಥ ಒಂದು ಏರಿಳಿತ, ದಾಟಿಹೋದ ಮೇಲೂ ಒಳಹೊರಗಿನ ಸಾಂದ್ರತೆ ಹೆಚ್ಚುಕಡಿಮೆ ಹಾಗೇ ಉಳಿದಿರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಂತ 3: ಬಾಗಿಲು ಮುಚ್ಚುತ್ತದೆ, ಪೊಟ್ಯಾಸಿಯಂ ಹೊರಡುತ್ತದೆ

ಸೋಡಿಯಂ ಚಾನೆಲ್‌ಗೆ ಎರಡು ಬಾಗಿಲು. ವೋಲ್ಟೇಜು ಏರಿದ ಕೂಡಲೇ ಮೊದಲನೆಯದು ತೆರೆಯುತ್ತದೆ. ಅದೇ ಏರಿಕೆಯಿಂದ ಎರಡನೆಯದು ಮುಚ್ಚತೊಡಗುತ್ತದೆ, ಆದರೆ ನಿಧಾನವಾಗಿ. ಈ ಎರಡರ ನಡುವಿನ, ಸುಮಾರು ಒಂದು ಮಿಲಿಸೆಕೆಂಡಿನ ಅವಧಿಯಲ್ಲೇ ಸೋಡಿಯಂ ಒಳಬರುವುದು. ಅಷ್ಟರಲ್ಲಿ ತಡವಾಗಿ ತೆರೆಯುವ ಪೊಟ್ಯಾಸಿಯಂ ಚಾನೆಲ್‌ಗಳು ತೆರೆದು, ಪೊಟ್ಯಾಸಿಯಂ ಹೊರಗೆ ಹರಿದು, ವೋಲ್ಟೇಜು ಮತ್ತೆ −70ಕ್ಕೆ ಇಳಿಯುತ್ತದೆ. ಅನೇಕ ನರಗಳಲ್ಲಿ ಅದಕ್ಕೂ ಸ್ವಲ್ಪ ಕೆಳಗೆ ಹೋಗಿ ಮರಳುತ್ತದೆ.

ಪಿಯುಸಿ ಉತ್ತರ ಪತ್ರಿಕೆಗಳಲ್ಲಿ ಹೆಚ್ಚು ತಪ್ಪಾಗುವ ಜಾಗ ಇದು. ವೋಲ್ಟೇಜನ್ನು ಕೆಳಗಿಳಿಸುವುದು ಪಂಪು ಎಂದು ಬರೆಯುತ್ತಾರೆ. ಪಂಪು ಅಷ್ಟು ಬೇಗ ಕೆಲಸ ಮಾಡುವುದೇ ಇಲ್ಲ. ಸ್ಕ್ವಿಡ್ ಎಂಬ ಸಮುದ್ರಜೀವಿಯ ದಪ್ಪ ನರದಲ್ಲಿ ಪಂಪನ್ನು ವಿಷ ಹಾಕಿ ನಿಲ್ಲಿಸಿದರೂ ಸಾವಿರಾರು ಆವೇಗಗಳು ಸಾಗುತ್ತವೆ. ಪ್ರತಿ ಸಲ ದಾಟುವ ಅಯಾನು ಅಷ್ಟು ಕಡಿಮೆ ಎಂದು ಮೇಲೆ ನೋಡಿದ್ದೇವಲ್ಲ, ಕಾರಣ ಅದೇ. ಪಂಪಿನ ಕೆಲಸ ನಿಧಾನದ್ದು: ಒಳಗೆ ಕೂಡಿಬಿದ್ದ ಸೋಡಿಯಂ ಹೊರಹಾಕಿ ಸಾಂದ್ರತೆಯ ಅಂತರ ಕಾಪಾಡುವುದು. ಸೋಡಿಯಂ, ಪೊಟ್ಯಾಸಿಯಂಗಳ ಈ ಸರದಿಯನ್ನು ಸ್ಕ್ವಿಡ್ ನರದಲ್ಲೇ ಅಳೆದು 1952ರಲ್ಲಿ ಸಮೀಕರಣಗಳಲ್ಲಿ ಹಿಡಿದಿಟ್ಟವರು ಅಲನ್ ಹಾಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ. 1963ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಸಿಕ್ಕಿತು.

ಹಂತ 4: ಅಲೆ ಮುಂದೆ ಸಾಗುತ್ತದೆ

ಒಂದು ಜಾಗದಲ್ಲಿ ಒಳಬಂದ ಧನ ಆವೇಶ ಪಕ್ಕದ ಜಾಗದ ವೋಲ್ಟೇಜನ್ನೂ −55ರ ಆಚೆ ತಳ್ಳುತ್ತದೆ. ಅಲ್ಲಿಯ ಸೋಡಿಯಂ ಚಾನೆಲ್‌ಗಳು ತೆರೆಯುತ್ತವೆ, ಅಲ್ಲಿಂದ ಅದರ ಪಕ್ಕದವು. ಕಬ್ಬು ಕಡಿದ ಮೇಲೆ ಹೊಲದಲ್ಲಿ ರವದಿಗೆ ಒಂದು ತುದಿಯಿಂದ ಬೆಂಕಿ ಹಚ್ಚಿದಾಗ ಆಗುವುದೂ ಇದೇ. ಪ್ರತಿ ಮೊಳವೂ ತನ್ನದೇ ರವದಿಯಿಂದ ಉರಿಯುತ್ತದೆ, ಹಾಗಾಗಿ ಹೊಲದ ಕೊನೆಗೂ ಬೆಂಕಿಯ ಕಾವು ಕಡಿಮೆಯಾಗುವುದಿಲ್ಲ, ಸುಟ್ಟ ಜಾಗಕ್ಕೆ ಅದು ಹಿಂದಿರುಗುವುದೂ ಇಲ್ಲ. ನರದಲ್ಲಿ ಆ ‘ಸುಟ್ಟ ಜಾಗ’ ಎಂದರೆ ಎರಡನೆಯ ಬಾಗಿಲು ಇನ್ನೂ ಮುಚ್ಚಿರುವ ಪೊರೆ. ಒಂದು ಮಿಲಿಸೆಕೆಂಡಿನ ಮೇಲೆ ಅದು ಮತ್ತೆ ಸಿದ್ಧವಾಗುವ ಹೊತ್ತಿಗೆ ಅಲೆ ದೂರ ಹೋಗಿರುತ್ತದೆ. ಪ್ರಯೋಗದಲ್ಲಿ ನರದ ನಟ್ಟನಡುವೆ ಪ್ರಚೋದಿಸಿದರೆ ಅಲೆ ಎರಡೂ ಕಡೆ ಓಡುತ್ತದೆ. ದೇಹದಲ್ಲಿ ಅದು ಬೆರಳಿನ ತುದಿಯಲ್ಲಿ ಹುಟ್ಟುವುದರಿಂದಲೇ ಒಂದೇ ದಿಕ್ಕಿಗೆ ಹೋಗುತ್ತದೆ.

ಎಲ್ಲ ತಂತುಗಳ ವೇಗ ಒಂದೇ ಅಲ್ಲ. ಚುರ್ರೆನ್ನುವ ಮೊದಲ ನೋವನ್ನು ತರುವ ತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯಿದೆ. ಅಲೆ ಹೊದಿಕೆಯಿಲ್ಲದ ಗಂಟಿನಿಂದ ಗಂಟಿಗೆ ಜಿಗಿಯುತ್ತ ಸೆಕೆಂಡಿಗೆ ಸುಮಾರು 20 ಮೀಟರ್ ಸಾಗಿ, 1 ಮೀಟರನ್ನು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ ಮುಗಿಸುತ್ತದೆ. ಉರಿ ನೋವಿನ ತಂತುಗಳು ತೆಳ್ಳಗಿದ್ದು, ಅವಕ್ಕೆ ಹೊದಿಕೆಯಿಲ್ಲ. ವೇಗ ಸೆಕೆಂಡಿಗೆ ಸುಮಾರು 1 ಮೀಟರ್. ಉರಿ ಸುಮಾರು ಒಂದು ಸೆಕೆಂಡ್ ತಡವಾಗಿ ತಿಳಿಯುವುದು ಇದರಿಂದ.

ವಿಷ ಕೆಡಿಸುವುದು ಯಾವ ಹಂತವನ್ನು?

ಮೂರನೆಯದನ್ನು. ಕೆಂಪು ಚೇಳಿನ ವಿಷದಲ್ಲಿರುವ ಪ್ರೋಟೀನುಗಳು ಸೋಡಿಯಂ ಚಾನೆಲ್‌ಗೆ ಹೊರಗಿನಿಂದ ಅಂಟಿಕೊಂಡು ಎರಡನೆಯ ಬಾಗಿಲು ಮುಚ್ಚುವುದನ್ನು ತಡಮಾಡುತ್ತವೆ. ಸೋಡಿಯಂ ಒಳಬರುತ್ತಲೇ ಇರುತ್ತದೆ, ಆವೇಗ ಲಂಬಿಸುತ್ತದೆ, ಒಂದರ ಬದಲು ಸಾಲು ಸಾಲು ಆವೇಗಗಳು ಹೊರಡುತ್ತವೆ. ವಿಷ ರಕ್ತಕ್ಕೆ ಸೇರಿ ನಮ್ಮ ಹಿಡಿತಕ್ಕೆ ಸಿಗದ ನರಗಳನ್ನು ಮುಟ್ಟಿದರೆ ಅಡ್ರಿನಲಿನ್, ನಾರಡ್ರಿನಲಿನ್ ಮಿತಿಮೀರಿ ಸುರಿಯುತ್ತವೆ. ವಾಂತಿ, ಮೈಯೆಲ್ಲ ಬೆವರು, ತಣ್ಣಗಾದ ಕೈಕಾಲು, ಏರಿದ ರಕ್ತದೊತ್ತಡ, ಗಂಡಸರಲ್ಲಿ ಮತ್ತು ಗಂಡುಮಕ್ಕಳಲ್ಲಿ ಶಿಶ್ನ ನಿಮಿರುವುದು ಇದರ ಲಕ್ಷಣಗಳು. ಮುಂದುವರಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಸಿಕ್ಕಿಕೊಳ್ಳುತ್ತದೆ.

ಆಸ್ಪತ್ರೆಯಲ್ಲಿ ಬೆರಳಿನ ಬುಡಕ್ಕೆ ಮರಗಟ್ಟಿಸುವ ಔಷಧವಾದ ಲಿಗ್ನೊಕೇನ್ ಚುಚ್ಚಿದರೆ ಅದು ನರದೊಳಗೆ ಸೇರಿ ಸೋಡಿಯಂ ಚಾನೆಲನ್ನು ಒಳಗಿನಿಂದ ಅಡ್ಡಗಟ್ಟುತ್ತದೆ. ಹಂತ 2 ಆಗುವುದೇ ಇಲ್ಲ, ಅಲೆ ಅಲ್ಲೇ ನಿಲ್ಲುತ್ತದೆ, ನೋವೂ ನಿಲ್ಲುತ್ತದೆ. ಆದರೆ ವಿಷ ಸಾಗುವುದು ರಕ್ತದಲ್ಲಿ, ಅದನ್ನು ಈ ಇಂಜೆಕ್ಷನ್ ತಡೆಯದು. ಮೈಗೆ ಹಬ್ಬಿದ ವಿಷಕ್ಕೆ ಪ್ರಾಜೋಸಿನ್ ಮಾತ್ರೆ ಕೊಡುವ ಕ್ರಮವನ್ನು ಮಹಾರಾಷ್ಟ್ರದ ಮಹಾಡದಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ 1980ರ ದಶಕದಲ್ಲಿ ರೂಢಿಗೆ ತಂದರು. ಅದೂ ಚಾನೆಲನ್ನು ಸರಿಮಾಡುವುದಿಲ್ಲ. ಸುರಿದ ನಾರಡ್ರಿನಲಿನ್ ರಕ್ತನಾಳಗಳನ್ನು ಬಿಗಿಯದಂತೆ ಮಾಡಿ ಹೃದಯದ ಭಾರ ಇಳಿಸುತ್ತದೆ. ಚೇಳಿನ ಪ್ರತಿವಿಷವೂ ಇದೆ, ಅದು ಬಿಡಿಯಾಗಿ ತಿರುಗುತ್ತಿರುವ ವಿಷವನ್ನು ಹಿಡಿಯುತ್ತದೆ. ಯಾವುದನ್ನು, ಎಷ್ಟು ಎಂದು ವೈದ್ಯರೇ ತೀರ್ಮಾನಿಸಬೇಕು. ಮನೆಯವರು ನೋಡಬೇಕಾದ್ದು ಬೆವರು, ವಾಂತಿ, ತಣ್ಣಗಾದ ಕೈಕಾಲು. ಇವುಗಳಲ್ಲಿ ಒಂದು ಕಂಡರೂ, ಅದರಲ್ಲೂ ಮಕ್ಕಳಲ್ಲಿ, ಬೆರಳಿನ ನೋವು ಇಳಿದಿದ್ದರೂ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.